ಅಪ್ಪ ಬರೆದ ತಲೆಪಟ್ಟಿಗಳು

ಅಪ್ಪ ಮಾಡಿದ ಒಡವೆಗಳಲ್ಲಿ ಇವತ್ತು ಒಂದೂ ಉಳಿದಿಲ್ಲ. ನಾಗಮಂಗಲದ ಮನೆಯ ಪಡಸಾಲೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತು, ಊದುಗೊಳವೆ ಊದಿ ಊದಿ ಕೆನ್ನೆ ಜೋತುಬಿದ್ದ ಮನುಷ್ಯ ಅವರು. ಸುತ್ತಲ ಹಳ್ಳಿಗಳ ಮದುವೆಗಳಿಗೆ ಜುಮುಕಿ, ಅಡ್ಡಿಕೆ, ಡಾಬು, ಜಡೆಬಿಲ್ಲೆ ಎಲ್ಲ ಮಾಡಿಕೊಟ್ಟರು. ಹಾಕಿಕೊಂಡವರು ಏನು ಮಾಡಿದರು? ಮೈಸೂರಿನ ದೊಡ್ಡ ಅಂಗಡಿಗೆ ಹೋಗಿ ಹಳೆಯದನ್ನು ಕೊಟ್ಟು ಹೊಸದನ್ನು ತಂದರು. ಹಳೆಯದು ಅಲ್ಲೇ ಕರಗಿತು. ಅಮ್ಮನ ಜಡೆಬಿಲ್ಲೆ ನನ್ನ ಓದಿಗಾಗಿ ಹೋಯಿತು. ಬಡಗಿ ಮಾಡಿದ ಬಾಗಿಲು ಮನೆಯಲ್ಲಿರುತ್ತದೆ, ಕಮ್ಮಾರ ಮಾಡಿದ ಕುಡುಗೋಲು ತುಕ್ಕು ಹಿಡಿದಾದರೂ ಅಟ್ಟದ ಮೇಲಿರುತ್ತದೆ. ಅಕ್ಕಸಾಲಿಯ ಕೆಲಸಕ್ಕೆ ಆ ಭಾಗ್ಯವಿಲ್ಲ.

ಅಪ್ಪನಿಗೆ ಇದರ ಬಗ್ಗೆ ದುಃಖವಿದೆ ಅಂತ ನನಗೆ ಬಹಳ ಕಾಲ ಗೊತ್ತಿರಲಿಲ್ಲ. ಕಣ್ಣು ಮಂಜಾಗಿ ಕೆಲಸ ಬಿಟ್ಟ ಮೇಲೆ ಒಂದು ದಿನ ಊಟಕ್ಕೆ ಕೂತಿದ್ದಾಗ, ಸಾರಿಗೆ ಉಪ್ಪು ಕಮ್ಮಿ ಅನ್ನುವ ಹಾಗೆ ಹೇಳಿದರು. "ನಾನು ಇದ್ದೆ ಅನ್ನಾಕೆ ಒಂದ್ ಚಿನ್ನದ್ ಗುಂಡೂ ಇಲ್ಲ ಕಣವ್ವ ಈ ಊರಲ್ಲಿ." ಅಷ್ಟೇ. ಮತ್ತೆ ಮುದ್ದೆ ಮುರಿದರು.

ನನ್ನ ಕೆಲಸ ಪುಸ್ತಕದ ಒಳಪುಟ ಕಟ್ಟುವುದು. ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕಂಪ್ಯೂಟರು, ಒಂದು ಪ್ರಿಂಟರು ಇಟ್ಟುಕೊಂಡು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಚುನಾವಣೆ ಬಂದರೆ ಕರಪತ್ರ, ಎಲ್ಲ ಮಾಡುತ್ತೇನೆ. ಹೊಟ್ಟೆ ತುಂಬಿಸುವುದು ಅವು. ಜೀವ ಇರುವುದು ಪುಸ್ತಕದಲ್ಲಿ. ಶ್ರೀರಂಗಪಟ್ಟಣದಲ್ಲಿ ಮನೆಯಲ್ಲೇ ಪ್ರಕಾಶನ ನಡೆಸುವ ಒಬ್ಬರಿದ್ದಾರೆ. ಅವರ ಕತೆ, ಕಾದಂಬರಿಗಳ ಒಳಪುಟ ನಾನೇ ಮಾಡುತ್ತಿದ್ದೆ. ಹೊದಿಕೆ ಮಾಡಿದವರ ಹೆಸರನ್ನು ಪುಸ್ತಕದಲ್ಲಿ ಹಾಕುತ್ತಾರೆ. ಒಳಪುಟದವರನ್ನು ಯಾರು ಕೇಳುತ್ತಾರೆ? ಓದುವವನ ಕಣ್ಣು ಎಲ್ಲೂ ಎಡವದೆ ಹೋದರೆ ನಾನು ಗೆದ್ದ ಹಾಗೆ. ಆದರೆ ಎಡವದೆ ಹೋದವನು ದಾರಿ ಮಾಡಿದವರನ್ನು ನೆನೆಯುವುದಿಲ್ಲವಲ್ಲ.

ಆ ಪ್ರಕಾಶಕರ ಕಡೆಯಿಂದ ಒಂದು ಕಾದಂಬರಿ ಬಂತು. ಬರೆದವರು ಕೆ.ಆರ್. ಪೇಟೆಯ ನಿವೃತ್ತ ಮೇಷ್ಟ್ರು. ಒಂದು ಮನೆಯ ಒಡವೆಗಳು ಅತ್ತೆಯಿಂದ ಸೊಸೆಗೆ, ಸೊಸೆಯಿಂದ ನಾದಿನಿಗೆ, ಅಲ್ಲಿಂದ ಗಿರವಿ ಅಂಗಡಿಗೆ ಹೋಗುವ ಕತೆ. ಒಂದೊಂದು ಅಧ್ಯಾಯಕ್ಕೂ ಒಂದೊಂದು ಒಡವೆಯ ಹೆಸರು. ಬುಗುಡಿ, ವಂಕಿ, ಜಡೆಬಿಲ್ಲೆ, ಕಾಸಿನ ಸರ, ಹೀಗೆ ಹನ್ನೊಂದು. ಓದುತ್ತಾ ಓದುತ್ತಾ ನನಗೆ ಮೈ ಜುಮ್ಮೆಂದಿತು. ಅಪ್ಪನ ಕೈಯಿಂದ ಈ ಹನ್ನೊಂದೂ ಬಂದಿದ್ದವು.

ಮಾರನೆಯ ದಿನವೇ ಮೇಷ್ಟ್ರಿಗೆ ಫೋನು ಮಾಡಿದೆ. ಪ್ರತಿ ಅಧ್ಯಾಯ ಬಲಗಡೆಯ ಪುಟದಲ್ಲಿ ಶುರುವಾಗಲಿ. ಪುಟದ ಮೇಲಿನ ಮೂರನೇ ಒಂದು ಭಾಗ ಖಾಲಿ ಬಿಟ್ಟು ಅಲ್ಲಿ ಆ ಒಡವೆಯ ಚಿತ್ತಾರದ ತಲೆಪಟ್ಟಿ ಬರಲಿ. ಅದರ ಕೆಳಗೆ ಹೆಸರು. ಮೊದಲ ಅಕ್ಷರ ಮೂರು ಸಾಲಿನಷ್ಟು ಎತ್ತರ, ಸುತ್ತ ಬಳ್ಳಿಯ ಚೌಕಟ್ಟು. ಅಧ್ಯಾಯದ ನಡುವೆ ಸನ್ನಿವೇಶ ಬದಲಾಗುವಲ್ಲಿ ಚುಕ್ಕಿಗಳ ಬದಲು ಪುಟ್ಟ ಹೂವು. ಎಲ್ಲವನ್ನೂ ನಮ್ಮಪ್ಪ ಬರೆಯುತ್ತಾರೆ ಅಂದೆ.

ಮೇಷ್ಟ್ರು, "ತಾಯಿ, ನಾನು ಬರೆದದ್ದು ನೋಡಿದ ಒಡವೆ. ನಿಮ್ಮ ತಂದೆ ಮಾಡಿದೋರು. ಬರೀಲಿ ಬಿಡಮ್ಮ, ಪುಸ್ತಕಕ್ಕೇ ಕಳೆ" ಅಂದರು. ಒಳ್ಳೆಯ ಮನುಷ್ಯ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ನಾನು ಕೇಳಿದ್ದು ಒಂದೇ. ಪುಸ್ತಕದ ಮೊದಲ ಪುಟಗಳಲ್ಲಿ ಮುದ್ರಕರ ಹೆಸರು, ಹೊದಿಕೆಯವರ ಹೆಸರು ಹಾಕುವ ಜಾಗದಲ್ಲಿ 'ಒಳಪುಟದ ಚಿತ್ತಾರ' ಅಂತ ಅಪ್ಪನ ಹೆಸರು ಬರಬೇಕು. ಪ್ರಕಾಶಕರು "ನೋಡೋಣಮ್ಮ" ಅಂದರು. ನೋಡೋಣ ಅನ್ನುವುದು ನಮ್ಮ ಕಡೆ ಇಲ್ಲ ಅನ್ನುವುದರ ಮರ್ಯಾದಸ್ಥ ರೂಪ. ಆಗ ನನಗೆ ಹೊಳೆಯಲಿಲ್ಲ.

ಅಪ್ಪನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಮೊದಲು ಬೈದರು. "ಕಾಗ್ದದ ಮೇಲೆ ಗೀಚಾಕೆ ನಾನೇನ್ ಸ್ಕೂಲ್ ಐಕ್ಳಾ?" ಆಮೇಲೆ ಒಂದು ಭಾನುವಾರ ನಾನು ಹೋಗುವ ಹೊತ್ತಿಗೆ ಕಿಟಕಿಯ ಹತ್ತಿರ ಮಣೆ ಹಾಕಿಕೊಂಡು, ಭೂತಗನ್ನಡಿ ಹಿಡಿದು ಜಡೆಬಿಲ್ಲೆ ಬರೆದು ಮುಗಿಸಿದ್ದರು. ಅಂಗೈಯಗಲ, ಒಡವೆ ಎಷ್ಟಿರುತ್ತದೋ ಅಷ್ಟೇ. ಕೂದಲಿನಂಥ ಗೆರೆ. ಸಾಸಿವೆಯಂಥ ಗುಂಡುಗಳ ಸಾಲು.

ನೋಡುವುದಕ್ಕೆ ಎರಡು ಕಣ್ಣು ಸಾಲದು. ಆದರೆ ಪುಸ್ತಕಕ್ಕೆ ಆಗುವುದಿಲ್ಲ. ಅದನ್ನು ಎದುರು ಬೀದಿಯ ಜೆರಾಕ್ಸ್ ಅಂಗಡಿಗೆ ಒಯ್ದು, ತಲೆಪಟ್ಟಿಯ ಅಳತೆಗೆ ಚಿಕ್ಕದು ಮಾಡಿಸಿ ತಂದು ತೋರಿಸಿದೆ. ಗೆರೆಗಳು ಅಲ್ಲಲ್ಲಿ ಹಾರಿಹೋಗಿದ್ದವು. ಗುಂಡುಗಳು ಒಂದಕ್ಕೊಂದು ಅಂಟಿಕೊಂಡು ಕರಿ ಪಟ್ಟಿಯಾಗಿದ್ದವು. ಅಪ್ಪನಿಗೆ ಕೋಪ ಬಂತು.

"ನಿನ್ ಮಿಷಿನ್ ಸರಿಯಿಲ್ಲ."

"ಮಿಷಿನ್ ಸರಿಯಾಗೇ ಐತೆ ಕಣಪ್ಪ. ಮೂರು ಪಟ್ಟು ದೊಡ್ಡದಾಗಿ ಬರಿ. ಗುಂಡುಗಳ ನಡುವೆ ಜಾಗ ಬಿಡು. ಮಸಿ ಕಾಗದದ ಮೇಲೆ ಒಂದಿಷ್ಟು ಹರಡ್ಕೊಳುತ್ತೆ."

"ಆಳೆತ್ತರ ಜಡೆಬಿಲ್ಲೆ ಯಾವ್ಳ್ ಹಾಕ್ಕತಾಳೆ?" ಅಂತ ಗೊಣಗುತ್ತಲೇ ಇನ್ನೊಂದು ಹಾಳೆ ಎಳೆದುಕೊಂಡರು. ಎರಡು ಸಲ ಕೆಡಿಸಿದರು. ಮೂರನೆಯದು ಕೂತಿತು. ಚಿನ್ನದಲ್ಲಿ ಗುಂಡು ಗುಂಡಿನ ನಡುವೆ ನೆರಳು ತಾನಾಗಿ ಬೀಳುತ್ತದೆ, ಕಾಗದದಲ್ಲಿ ಆ ನೆರಳನ್ನು ಬಿಳಿ ಜಾಗವಾಗಿ ನಾವೇ ಇಡಬೇಕು. ಇದನ್ನು ಒಪ್ಪಿಕೊಳ್ಳುವುದಕ್ಕೆ ಅವರಿಗೆ ಒಂದು ವಾರ ಹಿಡಿಯಿತು, ಒಪ್ಪಿಕೊಂಡೆ ಅಂತ ಬಾಯಿಬಿಟ್ಟು ಹೇಳಲೂ ಇಲ್ಲ.

ಮೊದಲಕ್ಷರದ ಚೌಕಟ್ಟಿನಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಅಕ್ಷರದ ತಲೆಕಟ್ಟು ಮೊದಲ ಸಾಲಿನ ತಲೆಕಟ್ಟಿಗೆ ಸಮ ನಿಲ್ಲಬೇಕು, ಬುಡ ಮೂರನೇ ಸಾಲಿನ ಬುಡಕ್ಕೆ ಕೂರಬೇಕು. ಆಗಲೇ ಅದು ನೆಟ್ಟಗೆ ಕಾಣುವುದು. ಇಂಗ್ಲಿಷಿಗೆ ಅಲ್ಲಿಗೆ ಕೆಲಸ ಮುಗಿಯಿತು. ನಮ್ಮ ಅಕ್ಷರಗಳಿಗೆ ಒತ್ತು ಇದೆಯಲ್ಲ. ಒಂದು ಅಧ್ಯಾಯ 'ಪ್ರ'ದಿಂದ ಶುರುವಾಗುತ್ತಿತ್ತು, ಇನ್ನೊಂದು 'ಸ್ವ'ದಿಂದ. ಒತ್ತು ಕೆಳಗಿಳಿದು ನಾಲ್ಕನೇ ಸಾಲಿಗೆ ಕಾಲು ಚಾಚುತ್ತದೆ. ಚೌಕಟ್ಟಿನೊಳಗೆ ತುರುಕೋಣವೆಂದರೆ ಅಕ್ಷರ ಚಿಕ್ಕದು ಮಾಡಬೇಕು, ಆಗ ಒಂದು ಅಧ್ಯಾಯದ ಅಕ್ಷರ ದೊಡ್ಡದು, ಇನ್ನೊಂದರದ್ದು ಗಿಡ್ಡ. ತಲೆ ಕೆಟ್ಟು ಅಪ್ಪನ ಮುಂದೆ ಹಾಳೆ ಹಾಕಿದೆ.

ಅಪ್ಪ ನೋಡಿ, "ಕೆಳೀಕೆ ಬಾಗ್ಲು ತಗಿ. ತೂಗಾಡ್ಲಿ, ಪದಕದ ಕೆಳ್ಗೆ ಗುಂಡು ತೂಗಾಡಲ್ವಾ ಅಂಗೆ" ಅಂದರು. ಒತ್ತು ಇರುವ ಅಕ್ಷರಗಳಿಗೆ ಕೆಳಗೆ ತೆರೆದ ಚೌಕಟ್ಟು ಬರೆದರು, ಬಳ್ಳಿ ಎರಡು ಕಡೆಯಿಂದ ಇಳಿದು ಒತ್ತಿಗೆ ದಾರಿ ಬಿಡುವ ಹಾಗೆ. ನಾನು ನಾಲ್ಕನೇ ಸಾಲನ್ನೂ ಅಷ್ಟು ಒಳಕ್ಕೆ ಸರಿಸಿದೆ. ಅಕ್ಷರಗಳೆಲ್ಲ ಒಂದೇ ಗಾತ್ರಕ್ಕೆ ಬಂದವು. ಅವತ್ತು ಅಪ್ಪ ಎರಡು ಲೋಟ ಕಾಫಿ ಕುಡಿದರು.

ಸ್ಕ್ಯಾನ್ ಮಾಡುವಾಗ ನನ್ನ ಕಣ್ಣಿಗೆ ಇನ್ನೊಂದು ಬಿತ್ತು. ಪ್ರತಿ ತಲೆಪಟ್ಟಿಯಲ್ಲೂ ಎಡಗಡೆ ಏಳು ಗುಂಡಿದ್ದರೆ ಬಲಗಡೆ ಆರು. ಮರೆತಿರಬೇಕು ಅಂತ ಕೇಳಿದೆ.

"ಮರ್ತಿಲ್ಲ. ನಮ್ ಮನೇಲಿ ಯಾವತ್ತೂ ಪೂರ್ತಿ ಮಾಡಾಕಿಲ್ಲ. ನಮ್ ತಾತನ ಕಾಲ್ದಿಂದ್ಲೂ ಅಂಗೇಯಾ. ಪೂರ್ತಿ ಮಾಡಿಕೊಟ್ರೆ ತೊಟ್ಟೋಳ್ಗೆ ಕಣ್ಣಾಯ್ತದೆ."

ಅಮ್ಮನ ಜಡೆಬಿಲ್ಲೆಯಲ್ಲಿ ಒಂದು ಗುಂಡು ಬಿದ್ದುಹೋಗಿದೆ ಅಂತ ನಾನು ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ. ಬಿದ್ದದ್ದಲ್ಲ, ಇಟ್ಟಿರಲೇ ಇಲ್ಲ. ಬೇರೆ ಅಕ್ಕಸಾಲಿಗಳಿಗೆ ಈ ರೂಢಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅಪ್ಪನ ಪಾಲಿಗೆ ಅದು ಸಹಿ ಹಾಕಿದ ಹಾಗೆ.

ನಮ್ಮ ಕೆಲಸದವರು ಇಂಥ ಚಿತ್ತಾರವನ್ನು ಅರ್ಧ ಮಾತ್ರ ಬರೆಯುತ್ತಾರೆ. ಅದನ್ನು ನಕಲು ಮಾಡಿ ಮಗುಚಿ ಪಕ್ಕಕ್ಕೆ ಅಂಟಿಸಿದರೆ ಇನ್ನರ್ಧ ಸಿದ್ಧ. ಅರ್ಧ ಹೊತ್ತಿನ ಕೆಲಸ. ನಾನು ಹಾಗೆ ಮಾಡಲಿಲ್ಲ. ಹನ್ನೊಂದು ತಲೆಪಟ್ಟಿಯ ಎರಡೂ ಮಗ್ಗುಲನ್ನು ಗೆರೆ ಗೆರೆಯಾಗಿ ಕೂರಿಸಿದೆ, ಅಪ್ಪನ ಕೈ ಎಲ್ಲಿ ನಡುಗಿತ್ತೋ ಅಲ್ಲಿ ನಡುಕವನ್ನೂ ಬಿಟ್ಟೆ. ಕಡತ ಕಳಿಸುವಾಗ ಪ್ರಕಾಶಕರಿಗೆ ಫೋನಿನಲ್ಲಿ ಬಿಡಿಸಿ ಹೇಳಿದೆ, ಗುಂಡು ಕಮ್ಮಿ ಇರುವುದು ಬೇಕೆಂದೇ, ಯಾರೂ ಮುಟ್ಟಬಾರದು ಅಂತ. "ಆಯ್ತಮ್ಮ, ಆಯ್ತು" ಅಂದರು. ಹಿಂದಿನಿಂದ ಟೀವಿ ಸದ್ದು ಕೇಳುತ್ತಿತ್ತು.

ಎರಡು ದಿನಕ್ಕೆ ಅವರೇ ಫೋನು ಮಾಡಿ ಶ್ರೀರಂಗಪಟ್ಟಣಕ್ಕೆ ಕರೆಸಿಕೊಂಡರು. ಅವರ ಮನೆಯ ಮುಂದಿನ ಕೋಣೆಯೇ ಆಫೀಸು, ಬಾಗಿಲಿನವರೆಗೂ ಪುಸ್ತಕದ ಕಟ್ಟುಗಳು. ಅವರ ಅಳಿಯನೂ ಕೂತಿದ್ದ. ಮೈಸೂರಿನಲ್ಲಿ ಜಾಹೀರಾತು ಕೆಲಸ ಮಾಡುತ್ತಾನೆ, ಮಾವನ ಪುಸ್ತಕಗಳ ಹೊದಿಕೆಯೆಲ್ಲ ಅವನದೇ.

"ನೋಡಮ್ಮ, ಪುಟ ಜಾಸ್ತಿ ಆಯ್ತು" ಅಂದರು ಪ್ರಕಾಶಕರು. "ಹದಿನಾರು ಪುಟಕ್ಕೊಂದು ಫಾರಂ, ಒಂದೇ ಪುಟ ಮಿಕ್ಕಿದ್ರೂ ಇನ್ನೊಂದು ಫಾರಂ ಕಾಗದ ಬೇಕು. ನೀನು ಎಲ್ಲಾ ಅಧ್ಯಾಯನೂ ಬಲಕ್ಕೇ ಶುರು ಮಾಡಿದೀಯ. ಎಡಗಡೆ ಖಾಲಿ ಪುಟ, ಮೇಲೆ ಖಾಲಿ ಜಾಗ. ಕಾಗದ ಪುಕ್ಕಟೆ ಬರುತ್ತಾ? ಮೂಗಿಗಿಂತ ಮೂಗುತಿ ಭಾರ ಆಗೋಯ್ತು."

ಒಡವೆಯ ಕಾದಂಬರಿಗೆ ಒಡವೆಯ ಗಾದೆಯನ್ನೇ ಹುಡುಕಿ ತಂದಿದ್ದರು. ನಾನು ಸಿಟ್ಟು ನುಂಗಿಕೊಂಡು, ಎಡಪುಟದಲ್ಲೂ ಅಧ್ಯಾಯ ಶುರು ಮಾಡೋಣ, ಮೇಲಿನ ಜಾಗವನ್ನೂ ಒಂದಿಷ್ಟು ಕಡಿಮೆ ಮಾಡುತ್ತೇನೆ, ಚಿತ್ತಾರ ಮಾತ್ರ ಹಾಗೇ ಇರಲಿ ಅಂದೆ. ಒಂದು ವಾರ ಕೊಡಿ ಅಂದೆ.

ಅಳಿಯ ನಗುತ್ತಾ, "ವಾರ ಯಾಕೆ ಮೇಡಂ? ತಿದ್ದೋಕೆ ಬರೋ ಓಪನ್ ಫೈಲ್ ಕೊಟ್ಬಿಡಿ. ಪ್ರೆಸ್ಸು ನಮ್ಮ ಆಫೀಸಿನ ಪಕ್ಕದಲ್ಲೇ ಇದೆ. ನಾನೇ ಸರಿಮಾಡ್ಸಿ ಕಳಿಸ್ತೀನಿ" ಅಂದ.

ನಾನು ಒಲ್ಲೆ ಅಂದೆ. ಪ್ರಕಾಶಕರ ಮುಖ ಗಂಟಾಯಿತು. ಕೆ.ಆರ್. ಪೇಟೆಯಲ್ಲಿ ಬಿಡುಗಡೆಗೆ ದಿನ ಗೊತ್ತಾಗಿದೆ, ಸಭಾಂಗಣ ಗೊತ್ತಾಗಿದೆ, ಮಂತ್ರಿಗಳು ಬರುತ್ತಾರೆ, ಇದು ನಿನ್ನೊಬ್ಬಳ ಪುಸ್ತಕವಲ್ಲ ಅಂದರು. ಆ ಮಾತು ನಿಜವೇ. ಕಾಸು ಅವರದು, ಕತೆ ಮೇಷ್ಟ್ರದು. ಚಿತ್ತಾರ ಮುಟ್ಟುವುದಿಲ್ಲ ಅಂತ ಅಳಿಯನ ಬಾಯಿಂದ ಹೇಳಿಸಿಕೊಂಡೇ ಕಡತ ಕೊಟ್ಟು ಬಂದೆ. ಅಮ್ಮ ಕೇಳಿ, "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಅಂದಳು. ಅವಳ ಬಾಯಿಗೆ ಯಾವಾಗಲೂ ಇಂಥವೇ ಬರುವುದು.

ಬಿಡುಗಡೆಯ ದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ನಾಗಮಂಗಲದಿಂದ ಬಸ್ಸಿನಲ್ಲಿ ಬರುತ್ತಾ ಪಕ್ಕದಲ್ಲಿ ಕೂತ ಗೊತ್ತಿಲ್ಲದ ಹೆಂಗಸಿಗೂ ಹೇಳಿದರು, "ಪುಸ್ತುಕ್ದಲ್ಲಿ ನನ್ ಕೆಲ್ಸ ಬತ್ತಾ ಐತೆ ಕಣವ್ವ." ಹಾಗೆಲ್ಲ ಹೇಳಿಕೊಳ್ಳುವ ಜಾಯಮಾನದವರಲ್ಲ. ನನಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಅಚ್ಚಾದ ಪ್ರತಿಯನ್ನು ನಾನೂ ನೋಡಿರಲಿಲ್ಲ. ಕೇಳಿದಾಗಲೆಲ್ಲ ಬೈಂಡಿಂಗಿನಲ್ಲಿದೆ ಅನ್ನುತ್ತಿದ್ದರು.

ವೇದಿಕೆಯ ಮೇಲೆ ಬಣ್ಣದ ಕಾಗದ ಬಿಚ್ಚಿದರು, ಚಪ್ಪಾಳೆ ಬಿತ್ತು. ಎರಡನೇ ಸಾಲಿನಲ್ಲಿ ಕೂತಿದ್ದ ನಮ್ಮ ಕೈಗೂ ಒಂದು ಪ್ರತಿ ಬಂತು. ನಾನು ಮೊದಲು ಬಿಡಿಸಿದ್ದು ಹೆಸರುಗಳ ಪುಟವನ್ನು. ಮುದ್ರಕರಿದ್ದರು, ಹೊದಿಕೆಯವನಿದ್ದ, ಕರಡು ತಿದ್ದಿದವರಿದ್ದರು. ಅಪ್ಪ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಅಪ್ಪ ನನ್ನ ಕೈಯಿಂದ ಪುಸ್ತಕ ಇಸಿದುಕೊಂಡು ಜಡೆಬಿಲ್ಲೆಯ ಅಧ್ಯಾಯ ತೆಗೆದರು.

ತಲೆಪಟ್ಟಿ ಇತ್ತು. ಎಡಕ್ಕೆ ಏಳು ಗುಂಡು, ಬಲಕ್ಕೂ ಏಳು ಗುಂಡು. ಎಡ ಮಗ್ಗುಲನ್ನು ಕತ್ತರಿಸಿ ಮಗುಚಿ ಬಲಕ್ಕೆ ಅಂಟಿಸಿದ್ದರು. ಗೆರೆಯ ದಪ್ಪವನ್ನೆಲ್ಲ ಒಂದೇ ಸಮ ಮಾಡಿದ್ದರು, ನಡುಕ ಹೋಗಿತ್ತು, ಕೈ ಒತ್ತಿದ ಕಡೆ ಇದ್ದ ಉಬ್ಬು ಹೋಗಿತ್ತು. ಚೌಕಟ್ಟುಗಳ ಕೆಳಗಿನ ಬಾಗಿಲು ಮುಚ್ಚಿ, 'ಪ್ರ'ವನ್ನೂ 'ಸ್ವ'ವನ್ನೂ ಕುಗ್ಗಿಸಿ ಒಳಗೆ ಕೂಡಿಹಾಕಿದ್ದರು. ಲಗ್ನಪತ್ರಿಕೆಗೆ ನಾನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವ ಬಳ್ಳಿಗಳು ಹೀಗೇ ಇರುತ್ತವೆ.

ಅಪ್ಪ ಒಂದೊಂದೇ ಅಧ್ಯಾಯ ತೆಗೆದು ನೋಡಿದರು. ಕನ್ನಡಕದ ಮೇಲೆ ಕೈಯಲ್ಲೊಂದು ಭೂತಗನ್ನಡಿ, ಕೆಲಸದ ಕಾಲದ್ದು, ಅದನ್ನೂ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಮಂತ್ರಿಗಳು ಸಂಸ್ಕೃತಿಯ ಬಗ್ಗೆ ಮಾತಾಡುತ್ತಿದ್ದರು. ಹನ್ನೊಂದೂ ನೋಡಿ ಮುಗಿಸಿ ಅಪ್ಪ ಪುಸ್ತಕ ಮುಚ್ಚಿ ನನ್ನ ತೊಡೆಯ ಮೇಲಿಟ್ಟರು.

"ಇದು ಯಾರ್ದೋ ಕಣವ್ವ. ನಂದಲ್ಲ."

ಸಭೆ ಮುಗಿದ ಮೇಲೆ ನಾನು ಅಳಿಯನನ್ನು ತಡೆದು ನಿಲ್ಲಿಸಿ ಕೇಳಿದೆ. ಅವನಿಗೆ ನಾಚಿಕೆಯೂ ಇಲ್ಲ, ಬೇಜಾರೂ ಇಲ್ಲ. "ಮೇಡಂ, ಎರಡು ಕಡೆ ಸಮ ಇರ್ಲಿಲ್ಲ. ಹಾಗೇ ಬಿಟ್ರೆ ಜನ ನಮ್ಮದೇ ತಪ್ಪು ಅಂತಾರೆ. ವಯಸ್ಸಾದವರು, ಕೈ ನಡುಗಿರುತ್ತೆ. ನೀಟಾಗಿ ಮಾಡಿಕೊಟ್ಟೆ. ನಿಮ್ಮ ತಂದೆಗೆ ಒಳ್ಳೇದೇ ಮಾಡಿದೀನಿ" ಅಂದ. ಮಾವನಿಗೆ ಹೇಳಿದ್ದೆನಲ್ಲ ಅಂದೆ. ಮಾವ ಅಲ್ಲೇ ಪಕ್ಕದಲ್ಲಿ ನಿಂತು ಬಾದಾಮಿ ಹಾಲು ಕುಡಿಯುತ್ತಿದ್ದರು. "ಹೇಳಿದ್ಯಾ? ಜ್ಞಾಪಕ ಇಲ್ಲ ನೋಡಮ್ಮ" ಅಂದರು. ಒಳ್ಳೆಯದನ್ನು ಮಾಡಿದವರ ಮೇಲೆ ಜಗಳಕ್ಕೆ ಹೋದವಳು ಹುಚ್ಚಿಯ ಹಾಗೆ ಕಾಣುತ್ತಾಳೆ. ಸುತ್ತ ನಿಂತವರು ನನ್ನನ್ನು ಹಾಗೇ ನೋಡಿದರು.

ವಾಪಸು ಬಸ್ಸಿನಲ್ಲಿ ಬಂದೆವು. ನಾಗಮಂಗಲ ಹತ್ತಿರ ಬಂದಾಗ ಅಪ್ಪ ನನ್ನ ಬೆನ್ನು ಸವರಿ, "ಅಳಬ್ಯಾಡ. ಅವ್ರಿಗೆ ಗೊತ್ತಿಲ್ಲ ಬುಡು" ಅಂದರು. ನನಗೆ ಅದಕ್ಕೇ ಇನ್ನಷ್ಟು ಅಳು ಬಂತು. ಗೊತ್ತಿಲ್ಲದವರಲ್ಲ ಅವರು. ನಾನೇ ಬಾಯಿಬಿಟ್ಟು ಹೇಳಿದ್ದೆ.

ಪುಸ್ತಕ ಚೆನ್ನಾಗಿಯೇ ಹೋಯಿತು. ಮೇಷ್ಟ್ರ ಕತೆ ಹಾಗಿತ್ತು. ಒಂದು ಪತ್ರಿಕೆಯಲ್ಲಿ ಬಂದ ವಿಮರ್ಶೆಯ ಕೊನೆಗೆ, ಅಧ್ಯಾಯಗಳ ಮೇಲಿನ ಒಡವೆಯ ಚಿತ್ತಾರ ಮನಸೆಳೆಯುತ್ತದೆ, ಬರೆದವರು ಯಾರೆಂದು ತಿಳಿಸಬೇಕಿತ್ತು ಅಂತ ಎರಡು ಸಾಲು ಇತ್ತು. ಎರಡನೇ ಮುದ್ರಣದ ಹೊತ್ತಿಗೆ ಪ್ರಕಾಶಕರ ಫೋನು ಬಂತು, ದನಿಯಲ್ಲಿ ಸಕ್ಕರೆ. ತಂದೆಯವರ ಪೂರ್ತಿ ಹೆಸರು, ಇನಿಷಿಯಲ್ ಎಲ್ಲ ಕಳಿಸಮ್ಮ, ಈ ಸಲ ಹಾಕಿಬಿಡೋಣ ಅಂದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಆ ಕತೆ.

ಹೆಸರು ಕೊಡುತ್ತೇನೆ, ಆದರೆ ಅಪ್ಪ ಬರೆದದ್ದನ್ನೇ ಹಾಕಿ, ನನ್ನ ಹತ್ತಿರ ಇದೆ, ಪುಕ್ಕಟೆ ಕೂರಿಸಿಕೊಡುತ್ತೇನೆ ಅಂದೆ. ಪ್ರಕಾಶಕರು ಒಪ್ಪಲಿಲ್ಲ. ಜನ ಮೆಚ್ಚಿರುವುದು ಈಗಿರುವುದನ್ನು, ಚೆನ್ನಾಗಿರುವುದನ್ನು ಕೆಡಿಸುವುದು ಯಾಕೆ, ಹೆಸರಂತೂ ಬರುತ್ತದಲ್ಲ ಅಂದರು. ಮೇಷ್ಟ್ರೂ ಅವರಿಗೆ ಎರಡು ಸಲ ಹೇಳಿ ನೋಡಿದರು. ಅಳಿಯನ ಕೆಲಸ ತೆಗೆಯುವುದಕ್ಕೆ ಮಾವನಿಗೆ ಮನಸ್ಸು ಬರಲಿಲ್ಲ.

ಕೊನೆಗೆ ಅಪ್ಪನನ್ನೇ ಕೇಳಿದೆ. ಗುಂಡು ಹೋದರೆ ಹೋಗಲಿ, ಹೆಸರಾದರೂ ಅಚ್ಚಿನಲ್ಲಿ ಉಳಿಯುತ್ತದೆ ಅಂತ ನನಗೊಂದು ಆಸೆ ಇತ್ತು.

ಅಪ್ಪ ತಲೆ ಎತ್ತಲಿಲ್ಲ. "ನಂದಲ್ದಕ್ಕೆ ನನ್ ಹೆಸ್ರು ಯಾಕವ್ವ? ನಮ್ಮಪ್ಪ ನೋಡುದ್ರೆ ಉಗಿಯಲ್ವಾ? ಬ್ಯಾಡ ಅನ್ನು."

ಬೇಡ ಅಂದೆ. ಪ್ರಕಾಶಕರು ಮತ್ತೆ ಕೇಳಲಿಲ್ಲ. ಆಮೇಲೆ ಅವರ ಪುಸ್ತಕಗಳು ನನ್ನ ಹತ್ತಿರ ಬರುವುದೂ ನಿಂತಿತು.

ಎರಡನೇ ಮುದ್ರಣದ ಪ್ರತಿಯನ್ನು ಮೇಷ್ಟ್ರು ಅಂಚೆಯಲ್ಲಿ ಕಳಿಸಿದರು. ನಾಗಮಂಗಲದ ಮನೆಯಲ್ಲೇ ಬಿಚ್ಚಿದೆ. ಹೆಸರುಗಳ ಪುಟದಲ್ಲಿ ಹೊಸದೊಂದು ಸಾಲು ಬಂದಿತ್ತು. ನಾನು ಓದಿ ಪುಟ ಮುಚ್ಚಿದ್ದನ್ನು ಅಪ್ಪ ನೋಡಿದರು.

"ಏನಂತ ಹಾಕವ್ರೆ? ಓದವ್ವ."

ಓದಿದೆ. 'ಒಳಪುಟದ ಚಿತ್ತಾರ' ಅಂತ ನಾನು ಹೇಳಿದ್ದ ಮಾತುಗಳೇ ಇದ್ದವು. ಮುಂದೆ ಅಳಿಯನ ಹೆಸರಿತ್ತು.

ಅಪ್ಪ ಎದ್ದು ಹೋಗುತ್ತಾ ಹೇಳಿದರು. "ಸರ್ಯಾಗೇ ಹಾಕವ್ರೆ ಬುಡು. ಅವ್ನೇ ತಾನೆ ಮಾಡಿದ್ದು."